ಫೋಟೊದ ನಾಲ್ಕು ಮನೆ ಮತ್ತು ಬೂಷ್ಟು ಹಿಡಿದ ಮೆಣಸಿನಕಾಯಿ

(ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಬೋರ್ಡಿನ ಮೇಲೆ ಬರೆದ ಅಂಕಿಗಳನ್ನು ಹಾಗೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಸರ, ನಮ್ಮ ಮಾಡೆಲ್ ಭಾಳ ಚೊಲೊ ಬಂದೈತ್ರಿ. ಒಮ್ಮೆ ನೋಡಿ ಹೇಳ್ರಿ." ಈ ಸಾಲಿನ ಜೊತೆ ವಾಟ್ಸಾಪಿನಲ್ಲಿ ನನಗೆ ಒಂದು ಫೋಟೊ ಬಂತು. ಲ್ಯಾಬಿನ ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಹಿಡಿದ ಫೋಟೊ. ಕಳಿಸಿದ ಹುಡುಗಿಯ ಊರು ಬ್ಯಾಡಗಿ ಹತ್ತಿರ, ಓದುವುದು ಧಾರವಾಡದಲ್ಲಿ. ಅವಳ ತಾಯಿ ಒಣ ಮೆಣಸಿನಕಾಯಿ ತೊಟ್ಟು ಬಿಡಿಸುವ, ಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ಇಡೀ ದಿನ ಆ ಘಾಟಿನಲ್ಲಿ ಕೂತು ಬೂಷ್ಟು ಹಿಡಿದ ಕಾಯಿಯನ್ನು ಒಂದೊಂದಾಗಿ ಆರಿಸಿ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ ಹುಡುಗಿ, ಕಾಯಿಯ ಫೋಟೊ ನೋಡಿ "ಬೂಷ್ಟು ಇದೆ" ಅಥವಾ "ಇಲ್ಲ" ಎಂದು ಹೇಳುವ ಒಂದು ಮಾಡೆಲ್ ಮಾಡಿದ್ದಳು. ಪರದೆಯ ಮೇಲಿದ್ದದ್ದು ಅದರ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್. ನಿಜ ಏನಿತ್ತು, ಮಾಡೆಲ್ ಏನೆಂದಿತು ಎಂದು ಹೋಲಿಸಿ ಎಣಿಸಿದ ನಾಲ್ಕು ಮನೆಯ ಪಟ್ಟಿ ಅದು. ಬಣ್ಣ ತೆಗೆದು ಬರೆದರೆ ಹೀಗಿತ್ತು:

```
          0          1
0     1.7e+02       30
1        18      1.8e+02
```

ಇವತ್ತಿನ ಮಾತೆಲ್ಲ ಈ ನಾಲ್ಕು ಮನೆಗಳ ಬಗ್ಗೆಯೇ. ಇದರಿಂದ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಮತ್ತು ಎರಡು ಪ್ರಿಡಿಕ್ಟಿವ್ ವ್ಯಾಲ್ಯೂಗಳನ್ನು ತೆಗೆಯುವುದು ಭಾಗಾಕಾರ ಬಲ್ಲವರಿಗೆಲ್ಲ ಬರುತ್ತದೆ. ಕಷ್ಟ ಇರುವುದು ಯಾವ ಮನೆಯಲ್ಲಿ ಯಾರು ಕೂತಿದ್ದಾರೆ ಎಂದು ತಿಳಿಯುವುದರಲ್ಲಿ. ನಾನೇ ಮೊದಲ ಸಲ ತಪ್ಪು ಓದಿದೆ. ಅದನ್ನು ಹಾಗೆಯೇ ಹೇಳುತ್ತೇನೆ.

ಮೊದಲು ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ. ಒಂದೊಂದು ಕಾಯಿಗೂ ಎರಡು ಸಂಗತಿ ಗೊತ್ತಿವೆ. ಒಂದು ನಿಜ: ಹುಡುಗಿಯೂ ಅವಳ ಗೆಳತಿಯರೂ ಪ್ರತಿ ಕಾಯಿಯನ್ನು ಫೋಟೊ ತೆಗೆದ ಮೇಲೆ ಮುರಿದು ಒಳಗೆ ನೋಡಿ ಬರೆದುಕೊಂಡದ್ದು. ಇನ್ನೊಂದು ಮಾಡೆಲ್ ಆಡಿದ ಮಾತು. ಸೆನ್ಸಿಟಿವಿಟಿ ನಿಜದ ಕಡೆಯಿಂದ ಕೇಳುವ ಪ್ರಶ್ನೆ: ನಿಜಕ್ಕೂ ಬೂಷ್ಟು ಹಿಡಿದ ಕಾಯಿಗಳಲ್ಲಿ ಎಷ್ಟು ಸಿಕ್ಕಿಬಿದ್ದವು? ಸ್ಪೆಸಿಫಿಸಿಟಿಯೂ ನಿಜದ ಕಡೆಯದೇ: ಒಳ್ಳೆ ಕಾಯಿಗಳಲ್ಲಿ ಎಷ್ಟನ್ನು ಮುಟ್ಟದೆ ಬಿಟ್ಟಿತು? ಪ್ರಿಡಿಕ್ಟಿವ್ ವ್ಯಾಲ್ಯೂ ಹೊರಡುವುದು ಮಾತಿನ ಕಡೆಯಿಂದ. "ಬೂಷ್ಟು" ಎಂದು ಬೇರೆ ಹಾಕಿದ ಗುಂಪಿನಲ್ಲಿ ನಿಜಕ್ಕೂ ಬೂಷ್ಟು ಹಿಡಿದವು ಎಷ್ಟು ಎಂಬುದು ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ. "ಒಳ್ಳೆಯದು" ಎಂದು ಬಿಟ್ಟ ರಾಶಿಯಲ್ಲಿ ನಿಜಕ್ಕೂ ಒಳ್ಳೆಯವು ಎಷ್ಟು ಎಂಬುದು ನೆಗೆಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎಂಬ ಹೆಸರುಗಳನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಜೇಕಬ್ ಯೆರುಶಾಲ್ಮಿ. 1947ರಲ್ಲಿ, ಎದೆಯ ಎಕ್ಸ್-ರೇ ನೋಡಿ ಕ್ಷಯ ಹೇಳುವ ಕೆಲಸದ ಲೆಕ್ಕದಲ್ಲಿ. ಫೋಟೊ ನೋಡಿ ಹೌದು-ಇಲ್ಲ ಹೇಳುವ ಪ್ರಶ್ನೆಯಿಂದಲೇ ಈ ಮಾತುಗಳು ಬಂದವು ಎಂಬುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಈಗ ಫೋಟೊಕ್ಕೆ ಬರೋಣ. ಮೊದಲ ತೊಡಕು ಅಂಕಿಯದೇ. 1.7e+02 ಎಂದರೆ 170ರ ಆಸುಪಾಸು. ಪೈಥಾನಿನ ಸೀಬಾರ್ನ್ ಲೈಬ್ರರಿಯಲ್ಲಿ `annot=True` ಎಂದಷ್ಟೇ ಬರೆದು `fmt='d'` ಬಿಟ್ಟರೆ, ಅದು ದೊಡ್ಡ ಅಂಕಿಯನ್ನು ಎರಡೇ ಅಂಕೆಗೆ ಮೊಟಕು ಮಾಡಿ ಹೀಗೆ ತೋರಿಸುತ್ತದೆ. 1.8e+02 ಎಂಬುದರ ಹಿಂದೆ 178 ಇರಬಹುದು, 182 ಇರಬಹುದು. ಫೋಟೊವನ್ನು ಎಷ್ಟು ದೊಡ್ಡದು ಮಾಡಿದರೂ ಆ ಅಂಕೆ ಸಿಗುವುದಿಲ್ಲ, ಅದು ಪರದೆಯ ಮೇಲೇ ಇರಲಿಲ್ಲ.

ಆದರೆ ಒಂದು ಸಂಗತಿ ನನಗೆ ಗೊತ್ತಿತ್ತು. ಪರೀಕ್ಷೆಗೆಂದು ಎತ್ತಿಟ್ಟದ್ದು 200 ಬೂಷ್ಟು ಕಾಯಿ, 200 ಒಳ್ಳೆ ಕಾಯಿ ಎಂದು ಅವಳು ಮೊದಲೇ ಹೇಳಿದ್ದಳು. ಮೇಲಿನ ಸಾಲನ್ನು ಕೂಡಿಸಿ: 170 ಮತ್ತು 30, ಸರಿಯಾಗಿ 200. ಹಾಗಾದರೆ ಕೆಳಗಿನ ಸಾಲೂ 200 ಆಗಬೇಕು. 18 ಹೋದರೆ 182. ಅದನ್ನು ಎರಡು ಅಂಕೆಗೆ ಇಳಿಸಿದರೆ 1.8e+02, ಪರದೆಯ ಮೇಲಿದ್ದದ್ದೂ ಅದೇ. ಕಳೆದುಹೋದ ಅಂಕೆ ಸಿಕ್ಕಿತು.

ಇದೇ ಕೂಡಿಕೆ ಇನ್ನೊಂದು ಕೆಲಸವನ್ನೂ ಮಾಡಿಕೊಟ್ಟಿತು, ಅದು ಇದಕ್ಕಿಂತ ದೊಡ್ಡದು. ಫೋಟೊದಲ್ಲಿ ಯಾವ ಸಾಲು ನಿಜ, ಯಾವುದು ಮಾತು ಎಂದು ಎಲ್ಲೂ ಬರೆದಿರಲಿಲ್ಲ. ನಾವಾಗಿ ಹೆಸರು ಕೊಡದಿದ್ದರೆ ಸೀಬಾರ್ನ್ ಬದಿಗೆ ಬರೀ 0, 1 ಎಂದು ಹಾಕುತ್ತದೆ. ಈ ಮ್ಯಾಟ್ರಿಕ್ಸನ್ನು ಎಣಿಸಿ ಕೊಡುವ ಸೈಕಿಟ್-ಲರ್ನ್ ಲೈಬ್ರರಿಯ ಪದ್ಧತಿಯಲ್ಲಿ ಅಡ್ಡ ಸಾಲು ನಿಜ, ಉದ್ದ ಸಾಲು ಮಾಡೆಲ್ ಮಾತು. ವೈದ್ಯಕೀಯದ ಎಷ್ಟೋ ಪುಸ್ತಕಗಳಲ್ಲಿ ಇದು ತಿರುಗಾಮುರುಗಾ. ಜೊತೆಗೆ `confusion_matrix(y_true, y_pred)` ಎಂದು ಬರೆಯುವಲ್ಲಿ ಕೈತಪ್ಪಿ ಹಿಂದುಮುಂದಾಗಿ ಬರೆದರೂ ಪ್ರೋಗ್ರಾಮ್ ಏನೂ ದೂರುವುದಿಲ್ಲ. ಅಡ್ಡ ಸಾಲುಗಳ ಮೊತ್ತ 200, 200. ಉದ್ದ ಸಾಲುಗಳ ಮೊತ್ತ 188, 212. ನಾವು ಎಣಿಸಿ ಇಟ್ಟದ್ದು 200-200 ಆದ್ದರಿಂದ ಅಡ್ಡ ಸಾಲೇ ನಿಜ. ಮಾಡೆಲ್ ತನ್ನ ಮಾತನ್ನು ಎರಡೂ ಕಡೆ ಸರಿಸಮ ಹಂಚಬೇಕೆಂದು ಯಾವ ಕಟ್ಟಳೆಯೂ ಇಲ್ಲ, ಅದರ ಮೊತ್ತ ಏರುಪೇರಾಗುವುದೇ ಸಹಜ.

ಇದನ್ನು ನೋಡದೆ ಅಡ್ಡವನ್ನು ಉದ್ದ ಎಂದು ಓದಿಬಿಟ್ಟರೆ ಏನಾಗುತ್ತದೆ? ಸೆನ್ಸಿಟಿವಿಟಿಗೂ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂಗೂ ಭಾಗಾಕಾರದ ಮೇಲಿನ ಅಂಕಿ ಒಂದೇ, ಸರಿಯಾಗಿ ಹಿಡಿದ ಕಾಯಿಗಳು. ಬೇರೆಯಾಗುವುದು ಕೆಳಗಿನ ಅಂಕಿ. ಒಂದರಲ್ಲಿ 200ರಿಂದ ಭಾಗಿಸುತ್ತೀರಿ, ಇನ್ನೊಂದರಲ್ಲಿ 188ರಿಂದ. ಮ್ಯಾಟ್ರಿಕ್ಸ್ ಮಗುಚಿದರೆ ಇವೆರಡೂ ಸದ್ದಿಲ್ಲದೆ ಜಾಗ ಬದಲಾಯಿಸುತ್ತವೆ. ಸ್ಪೆಸಿಫಿಸಿಟಿ ಮತ್ತು ನೆಗೆಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಕೂಡ ಹಾಗೆಯೇ. ಒಟ್ಟು ಸರಿ ಹೇಳಿದ ಪ್ರಮಾಣ, ನೀವು ಅಕ್ಯುರಸಿ ಎನ್ನುವುದು, ಹೇಗೆ ಓದಿದರೂ 400ಕ್ಕೆ 352, ಶೇ. 88. ಆದ್ದರಿಂದ ಅಕ್ಯುರಸಿ ಹೊಂದಿತು ಎಂದು ನಿಶ್ಚಿಂತರಾಗಬೇಡಿ, ತಪ್ಪು ಓದನ್ನು ಅದು ತೋರಿಸಿಕೊಡುವುದಿಲ್ಲ.

ಇಲ್ಲಿಯವರೆಗೆ ನಾನು ಸರಿಯಾಗಿಯೇ ಬಂದಿದ್ದೆ. ಎಡವಿದ್ದು ಮುಂದೆ.

1 ಎಂದರೆ "ಇದೆ", 0 ಎಂದರೆ "ಇಲ್ಲ" ಎಂದು ನನ್ನ ತಲೆಯಲ್ಲಿ ಕೂತಿತ್ತು. ಹಾಗೆ ಓದಿ ಕೆಳಗಿನ ಸಾಲನ್ನು ಬೂಷ್ಟು ಕಾಯಿ ಎಂದುಕೊಂಡೆ. 200ರಲ್ಲಿ 182 ಸಿಕ್ಕಿವೆ, ಸೆನ್ಸಿಟಿವಿಟಿ ಶೇ. 91, ಬರೀ 18 ತಪ್ಪಿಸಿಕೊಂಡಿವೆ, ಚೆನ್ನಾಗಿದೆ ಎಂದು ಬರೆದು ಕಳಿಸಿದೆ. ರಾತ್ರಿ ಮತ್ತೆ ಫೋಟೊ ತೆಗೆದು ನೋಡುವಾಗ ಸಂಶಯ ಬಂತು. ಎರಡೂ ಗುಂಪು 200 ಆದ್ದರಿಂದ ಈ ಸಲ ಕೂಡಿಕೆ ಕೈಹಿಡಿಯುವಂತಿರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ: "ಫೋಲ್ಡರಿಗೆ ಏನಂತ ಹೆಸರಿಟ್ಟೀ?"

"bad ಮತ್ತು good ಅಂತ ಇಟ್ಟೀನ್ರಿ ಸರ."

ಅಲ್ಲಿತ್ತು ಗಂಟು. ಇಂಥ ಮಾಡೆಲ್ ಕಟ್ಟುವ ಲೈಬ್ರರಿಗಳು, ಕೆರಾಸ್ ಆಗಲಿ ಪೈಟಾರ್ಚ್ ಆಗಲಿ, ಫೋಲ್ಡರಿನಿಂದ ಚಿತ್ರ ಓದಿಸುವಾಗ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ 0, 1 ಎಂದು ಅಂಕಿ ಕೊಡುತ್ತವೆ. b ಮೊದಲು, g ಆಮೇಲೆ. ಆದ್ದರಿಂದ ಕೆಟ್ಟ ಕಾಯಿ 0, ಒಳ್ಳೆ ಕಾಯಿ 1. ಅದೇ ಹುಡುಗಿ ಫೋಲ್ಡರಿಗೆ ಕನ್ನಡದಲ್ಲಿ "ಒಳ್ಳೆ", "ಕೆಟ್ಟ" ಎಂದು ಹೆಸರಿಟ್ಟಿದ್ದರೆ ಒಕಾರ ಕಕಾರಕ್ಕಿಂತ ಮೊದಲು ಬರುತ್ತಿತ್ತು, ಒಳ್ಳೆಯದು 0 ಆಗಿ ಕೆಟ್ಟದ್ದು 1 ಆಗುತ್ತಿತ್ತು. ಅದೇ ಕಾಯಿ, ಅದೇ ಕೆಲಸ, ಹೆಸರಿನ ಭಾಷೆ ಬದಲಾದರೆ ಮ್ಯಾಟ್ರಿಕ್ಸಿನ ಮೂಲೆಗಳು ಅದಲುಬದಲು.

ಆರ್ ಭಾಷೆ ಬಳಸುವವರಿಗೂ ಇದೇ ಗುಂಡಿ ಇದೆ. ಕ್ಯಾರೆಟ್ ಪ್ಯಾಕೇಜಿನ `confusionMatrix` ನೀವು ಏನೂ ಹೇಳದಿದ್ದರೆ ಮೊದಲ ಲೆವೆಲ್ಲನ್ನೇ, ಅಂದರೆ ಗುಂಪುಗಳ ಪಟ್ಟಿಯಲ್ಲಿ ಮೊದಲು ಬರುವ ಹೆಸರನ್ನೇ, ಪಾಸಿಟಿವ್ ಎಂದು ಹಿಡಿಯುತ್ತದೆ. no, yes ಎಂದಿದ್ದರೆ no ಪಾಸಿಟಿವ್ ಆಗುತ್ತದೆ. ಕೊನೆಯಲ್ಲಿ `'Positive' Class : no` ಎಂಬ ಸಾಲು ಇರುತ್ತದೆ. ಫೋಟೊ ತೆಗೆಯುವಾಗ ಹೆಚ್ಚಾಗಿ ಕತ್ತರಿಸಿ ಹೋಗುವುದೂ ಆ ಕೊನೆಯ ಸಾಲೇ.

ನಾನು ಅವಳಿಗೆ ಎರಡು ಕೆಲಸ ಹೇಳಿದೆ. ಒಂದು, ಈ ಸಾಲುಗಳನ್ನು ಓಡಿಸಿ ಕಳಿಸು ಎಂದೆ:

```python
print(train_ds.class_names)
print(confusion_matrix(y_true, y_pred, labels=[0, 1]))
```

ಇನ್ನೊಂದು, ಯಾರು ನೋಡಿದರೂ ಬೂಷ್ಟು ಎನ್ನುವಂಥ ಒಂದು ಕಾಯಿಯ ಫೋಟೊ ಕೊಟ್ಟು ಮಾಡೆಲ್ ಏನನ್ನುತ್ತದೆ ನೋಡು ಎಂದೆ. ಅದು 0 ಎಂದಿತು. ಕೋಡನ್ನು ಸಂಪೂರ್ಣ ನಂಬುವುದಕ್ಕಿಂತ ಹೀಗೆ ಗುರುತಿನ ಕಾಯಿಯೊಂದನ್ನು ಕೇಳುವುದು ನನಗೆ ಹೆಚ್ಚು ಸಮಾಧಾನ.

ಹಾಗಾಗಿ ಸರಿಯಾದ ಓದು ಇದು. 200 ಬೂಷ್ಟು ಕಾಯಿಗಳಲ್ಲಿ 170 ಸಿಕ್ಕವು, ಸೆನ್ಸಿಟಿವಿಟಿ ಶೇ. 85. ತಪ್ಪಿಸಿಕೊಂಡವು 30, ಹಿಂದಿನ ದಿನ ನಾನು ಹೇಳಿದ 18 ಅಲ್ಲ. 200 ಒಳ್ಳೆ ಕಾಯಿಗಳಲ್ಲಿ 182ನ್ನು ಬಿಟ್ಟಿತು, ಸ್ಪೆಸಿಫಿಸಿಟಿ ಶೇ. 91. 18ರ ಮೇಲೆ ಸುಳ್ಳು ಆರೋಪ. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಒಳ್ಳೆ ಕಾಯಿ ಬೇರೆ ಬಿದ್ದರೆ ಆರಿಸುವವರು ಕೈಯಲ್ಲಿ ಎತ್ತಿ ನೋಡಿ ಮತ್ತೆ ರಾಶಿಗೆ ಹಾಕುತ್ತಾರೆ. ಬೂಷ್ಟು ಕಾಯಿ ರಾಶಿಯಲ್ಲೇ ಉಳಿದರೆ ಖಾರದ ಪುಡಿಗೆ ಹೋಗುತ್ತದೆ. ನನ್ನ ತಪ್ಪು ಓದು ಕಡಿಮೆ ಮಾಡಿ ತೋರಿಸಿದ್ದು ಈ ಎರಡನೆಯ ತಪ್ಪನ್ನು.

ಇನ್ನು ಪ್ರಿಡಿಕ್ಟಿವ್ ವ್ಯಾಲ್ಯೂ. ಉದ್ದ ಸಾಲಿನಲ್ಲಿ ಇಳಿಯಿರಿ. "ಬೂಷ್ಟು" ಎಂದದ್ದು 188, ಅದರಲ್ಲಿ ನಿಜ 170, ಶೇ. 90. "ಒಳ್ಳೆಯದು" ಎಂದದ್ದು 212, ಅದರಲ್ಲಿ ನಿಜ 182, ಶೇ. 86. ಹುಡುಗಿ ತನ್ನ ವರದಿಯಲ್ಲಿ ಇವೆರಡನ್ನೂ ಬರೆದಿದ್ದಳು. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಅಳಿಸು ಎಂದೆ.

"ಯಾಕ್ರಿ ಸರ? ಭಾಗಾಕಾರ ಸರಿ ಐತಲ್ರಿ?"

"ನಿಮ್ಮವ್ವ ಆರಿಸೋ ಚೀಲದಾಗ ನೂರಕ್ಕ ಎಷ್ಟು ಕಾಯಿ ಬೂಷ್ಟು ಇರ್ತಾವು?"

"ನೂರಕ್ಕ ಐದು ಇರಬಹುದ್ರಿ. ಐವತ್ತಂತೂ ಇರಂಗಿಲ್ರಿ."

ಐವತ್ತಂತೂ ಇರುವುದಿಲ್ಲ. ಉತ್ತರ ಅಲ್ಲೇ ಇದೆ. ಪರೀಕ್ಷೆಗೆ ಅವಳು ಅರ್ಧಕ್ಕರ್ಧ ತೆಗೆದುಕೊಂಡಿದ್ದಳು. ಸೆನ್ಸಿಟಿವಿಟಿ ಲೆಕ್ಕ ಹಾಕುವಾಗ ಬೂಷ್ಟು ಕಾಯಿಗಳನ್ನು ಮಾತ್ರ ನೋಡುತ್ತೇವೆ, ಪಕ್ಕದಲ್ಲಿ ಒಳ್ಳೆ ಕಾಯಿ ಎಷ್ಟಿದ್ದರೂ ಅದಕ್ಕೆ ಸಂಬಂಧವಿಲ್ಲ. ಸ್ಪೆಸಿಫಿಸಿಟಿಯೂ ತನ್ನ ಗುಂಪಿನೊಳಗೇ ಇರುತ್ತದೆ. ಆದರೆ ಪ್ರಿಡಿಕ್ಟಿವ್ ವ್ಯಾಲ್ಯೂ ಎರಡೂ ಗುಂಪನ್ನು ಬೆರೆಸಿ ಭಾಗಿಸುತ್ತದೆ. ಬೆರಕೆಯ ಪ್ರಮಾಣವನ್ನು ನಾವೇ ಕೂತು ಮಾಡಿದ್ದರೆ, ಬಂದ ಉತ್ತರವೂ ನಾವು ಮಾಡಿದ್ದೇ.

ಬೋರ್ಡಿನ ಮೇಲೆ ಚೀಲದ ಲೆಕ್ಕ ಮಾಡೋಣ. 2000 ಕಾಯಿ ಎಂದಿಟ್ಟುಕೊಳ್ಳಿ, ನೂರಕ್ಕೆ ಐದರಂತೆ 100 ಬೂಷ್ಟು, 1900 ಒಳ್ಳೆಯವು. ಶೇ. 85ರಂತೆ 85 ಬೂಷ್ಟು ಕಾಯಿ ಸಿಗುತ್ತವೆ, 15 ತಪ್ಪಿಸಿಕೊಳ್ಳುತ್ತವೆ. ಒಳ್ಳೆಯ 1900ರಲ್ಲಿ ಶೇ. 9 ಎಂದರೆ 171ರ ಮೇಲೆ ಸುಳ್ಳು ಆರೋಪ, 1729 ಸರಿಯಾಗಿ ರಾಶಿಯಲ್ಲಿ ಉಳಿಯುತ್ತವೆ. ಈಗ "ಬೂಷ್ಟು" ಎಂದು ಬೇರೆ ಬಿದ್ದ ಕುಪ್ಪೆಯಲ್ಲಿ 85 ಮತ್ತು 171 ಸೇರಿ 256. ಅದರಲ್ಲಿ ನಿಜವಾದ ಬೂಷ್ಟು 85, ಶೇ. 33. ವರದಿಯಲ್ಲಿದ್ದ 90 ಎಲ್ಲಿ, ಈ 33 ಎಲ್ಲಿ! ಮಾಡೆಲ್ ಒಂದು ಕೂದಲೆಳೆಯಷ್ಟೂ ಕೆಟ್ಟಿಲ್ಲ. ಒಳ್ಳೆ ಕಾಯಿ ಅಷ್ಟೊಂದು ಇರುವಲ್ಲಿ ಸಣ್ಣ ಶೇಕಡಾವಾರು ತಪ್ಪೂ ದೊಡ್ಡ ಕುಪ್ಪೆಯಾಗುತ್ತದೆ, ಅಷ್ಟೇ.

ಇದನ್ನು ಒಂದು ಸಾಲಿನಲ್ಲಿ ಬೇಕಾದವರು ಹೀಗೆ ಬರೆದುಕೊಳ್ಳಿ, PPV ಎಂದರೆ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ, Se ಸೆನ್ಸಿಟಿವಿಟಿ, Sp ಸ್ಪೆಸಿಫಿಸಿಟಿ, p ಎಂದರೆ ಚೀಲದಲ್ಲಿ ಬೂಷ್ಟು ಕಾಯಿಯ ಪಾಲು:

```
PPV = Se*p / (Se*p + (1-Sp)*(1-p))
```

p ನೂರಕ್ಕೆ 20 ಆದರೆ ಉತ್ತರ ಶೇ. 70. ನೂರಕ್ಕೆ 1 ಆದರೆ ಶೇ. 9ಕ್ಕೂ ಕಡಿಮೆ. ಮಳೆಗೆ ಸಿಕ್ಕಿ ನೆನೆದ ಮಾಲಿಗೂ ಕಣದಲ್ಲಿ ಚೆನ್ನಾಗಿ ಒಣಗಿದ ಮಾಲಿಗೂ ಒಂದೇ ಪ್ರಿಡಿಕ್ಟಿವ್ ವ್ಯಾಲ್ಯೂ ಹೇಳಲು ಬರುವುದಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವರು ಮ್ಯಾಟ್ರಿಕ್ಸನ್ನು ಸಾಲುವಾರು ಶೇಕಡಾ ಮಾಡಿ 0.85, 0.15 ಎಂದು ಫೋಟೊ ಕಳಿಸುತ್ತಾರೆ. ಅದರಿಂದ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ನೇರವಾಗಿ ಸಿಗುತ್ತವೆ. ಪ್ರಿಡಿಕ್ಟಿವ್ ವ್ಯಾಲ್ಯೂ ಬೇಕೆಂದರೆ p ಅನ್ನು ಬೇರೆ ಕಡೆಯಿಂದ ತರಲೇಬೇಕು. ಆ ಫೋಟೊದಲ್ಲಿ ಉದ್ದಕ್ಕೆ ಕೂಡಿಸಿ ಭಾಗಿಸಿದರೆ ಗೊತ್ತಿಲ್ಲದೆಯೇ ಅರ್ಧಕ್ಕರ್ಧ ಎಂದು ಒಪ್ಪಿಕೊಂಡಂತೆ.

ನೆಗೆಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ನೋಡಿ. ರಾಶಿಯಲ್ಲಿ ಉಳಿದ 1744ರಲ್ಲಿ 1729 ಒಳ್ಳೆಯವು, ಶೇ. 99. ಹಿಂದಿನ 86ರಿಂದ 99ಕ್ಕೆ ಏರಿತು! ಆದರೆ ಇದನ್ನು ನೋಡಿ ಹಿಗ್ಗುವ ಮೊದಲು ಒಂದು ಹೋಲಿಕೆ ಮಾಡಿ. ಮಾಡೆಲ್ ಇಲ್ಲದೆಯೇ ಚೀಲದಲ್ಲಿ ಶೇ. 95 ಒಳ್ಳೆಯವಿದ್ದವು. ಮಾಡೆಲಿನ ಗಳಿಕೆ 95ರಿಂದ 99ರ ತನಕ, ಸೊನ್ನೆಯಿಂದ ಅಲ್ಲ.

ಹಾಗಾದರೆ ಇದು ಪ್ರಯೋಜನವಿಲ್ಲದ ಮಾಡೆಲ್ಲೇ ಎಂದು ಇಲ್ಲಿ ಒಬ್ಬರು ಕೇಳಿದರು. ಖಂಡಿತ ಅಲ್ಲ. 2000 ಕಾಯಿ ಎತ್ತಿ ನೋಡುವ ಜಾಗದಲ್ಲಿ 256 ನೋಡಿದರೆ 85 ಬೂಷ್ಟು ಕಾಯಿ ಕೈಗೆ ಬರುತ್ತವೆ. ಮೊದಲ ಸಾಣಿಗೆಯಾಗಿ ಇದು ಒಳ್ಳೆಯ ಕೆಲಸವೇ. ಮೂರರಲ್ಲಿ ಒಂದು ನಿಜ ಎಂದು ಗೊತ್ತಿದ್ದವರು ಆ ಕುಪ್ಪೆಯನ್ನು ಮತ್ತೊಮ್ಮೆ ಕೈಯಿಂದ ಆರಿಸುತ್ತಾರೆ. ಹತ್ತರಲ್ಲಿ ಒಂಬತ್ತು ನಿಜ ಎಂದು ನಂಬಿದವರು ಅದನ್ನು ಹಾಗೆಯೇ ತಿಪ್ಪೆಗೆ ಹಾಕುತ್ತಾರೆ, ಜೊತೆಗೆ 171 ಒಳ್ಳೆ ಬ್ಯಾಡಗಿ ಕಾಯಿಯೂ ಹೋಗುತ್ತದೆ.

ಈ 33ನ್ನೂ ಕಲ್ಲಿನ ಮೇಲೆ ಕೆತ್ತಬೇಡಿ. 200 ಕಾಯಿಯಿಂದ ಬಂದ ಶೇ. 91 ಸ್ಪೆಸಿಫಿಸಿಟಿ ನಿಜದಲ್ಲಿ 86ರಿಂದ 94ರ ನಡುವೆ ಎಲ್ಲಿಯಾದರೂ ಇರಬಹುದು, ಇದು ಶೇ. 95ರ ಭರವಸೆಯ ಅಂತರ. 86 ಆದರೆ ಸುಳ್ಳು ಆರೋಪ 266ಕ್ಕೆ ಏರಿ ಪ್ರಿಡಿಕ್ಟಿವ್ ವ್ಯಾಲ್ಯೂ 24ಕ್ಕೆ ಇಳಿಯುತ್ತದೆ. 94 ಆದರೆ ಸುಳ್ಳು ಆರೋಪ 114, ಅದು 43ಕ್ಕೆ ಏರುತ್ತದೆ. ಬೂಷ್ಟು ವಿರಳ ಇರುವ ಕಡೆ ಈ ಅಂಕಿಯನ್ನು ಅಲುಗಾಡಿಸುವುದು ಮುಖ್ಯವಾಗಿ ಸ್ಪೆಸಿಫಿಸಿಟಿ. ಚೀಲದ ಕೆಲಸಕ್ಕೆ ಒಳ್ಳೆ ಕಾಯಿಗಳನ್ನು ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಪರೀಕ್ಷಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಆ ಹುಡುಗಿ ಈ ಲೆಕ್ಕವನ್ನು ಮನೆಗೆ ಒಯ್ದು ತಾಯಿಯ ಮುಂದೆ ಹೇಳಿದಳಂತೆ. ತಾಯಿ 171ರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. "ಆ ಹದಿನೈದು ಯಾಕ ಸಿಗಲಿಲ್ಲವಾ?" ಎಂದು ಕೇಳಿದರಂತೆ. ಸರಿಯಾದ ಪ್ರಶ್ನೆ. ಮರುದಿನ ನಾವು ಪರೀಕ್ಷೆಯಲ್ಲಿ ತಪ್ಪಿಸಿಕೊಂಡ 30 ಕಾಯಿಗಳ ಫೋಟೊಗಳನ್ನೂ, ಮುರಿದು ಇಟ್ಟಿದ್ದ ಕಾಯಿಗಳನ್ನೂ ಪೇಪರಿನ ಮೇಲೆ ಹರಡಿ ಜೊತೆ ಮಾಡಿ ನೋಡಿದೆವು. ಬಹಳಷ್ಟು ಕಾಯಿಗಳ ಹೊರಮೈ ಕೆಂಪಗೆ, ಹೊಳಪಾಗಿ, ಒಂದು ಕಲೆಯೂ ಇಲ್ಲ. ಒಳಗೆ ಬೀಜದ ಸುತ್ತ ಮಾತ್ರ ಬೂದು ಬಣ್ಣದ ಬೂಷ್ಟು. ಸುಳ್ಳು ಆರೋಪ ಹೊತ್ತ 18ರಲ್ಲಿ ಹೆಚ್ಚಿನವು ಆಳವಾದ ಸುಕ್ಕಿನ ಕಾಯಿಗಳು, ಫೋಟೊದಲ್ಲಿ ಸುಕ್ಕಿನ ನೆರಳು ಕಪ್ಪು ಕಲೆಯಂತೆ ಬಿದ್ದಿತ್ತು.

ಈ ಎರಡಕ್ಕೂ ಮದ್ದು ಬೇರೆ ಬೇರೆ. ನೆರಳಿಗೆ ಎರಡೂ ಬದಿಯಿಂದ ಬೆಳಕು ಹಾಕಿ ಫೋಟೊ ತೆಗೆದರೆ ಸ್ಪೆಸಿಫಿಸಿಟಿ ಏರಬಹುದು. ಒಳಗಿನ ಬೂಷ್ಟಿಗೆ ಆ ದಾರಿ ಇಲ್ಲ. "0.5 ಇರೋ ಗೆರಿ ಸರಸಿದ್ರ ಹೆಂಗ್ರಿ?" ಎಂದು ಅವಳು ಕೇಳಿದಳು. ಅವಳ ಮಾಡೆಲ್ ಕೊಡುವ ಅಂಕಿ "ಒಳ್ಳೆಯದು" ಎಂಬುದರ ಸಂಭವ, ಅದು 0.5ರ ಗೆರೆ ದಾಟಿದರೆ "ಒಳ್ಳೆಯದು", ಇಲ್ಲದಿದ್ದರೆ "ಬೂಷ್ಟು". ಗೆರೆಯನ್ನು 0.5ರಿಂದ 0.7ಕ್ಕೆ ಏರಿಸಿದರೆ ಹೆಚ್ಚು ಕಾಯಿ "ಬೂಷ್ಟು" ಕಡೆಗೆ ಬೀಳುತ್ತವೆ, ಸೆನ್ಸಿಟಿವಿಟಿ ಏರುತ್ತದೆ, ಸ್ಪೆಸಿಫಿಸಿಟಿ ಇಳಿಯುತ್ತದೆ. ಹೊರಗೆ ಸ್ವಲ್ಪವಾದರೂ ಗುರುತು ಇದ್ದ ಕಾಯಿಗಳು ಅದರಿಂದ ಸಿಗುತ್ತವೆ. ಹೊರಗೆ ಏನೂ ಕಾಣದ ಕಾಯಿಗೆ ಮಾಡೆಲ್ ಒಳ್ಳೆ ಕಾಯಿಗೆ ಕೊಟ್ಟಷ್ಟೇ ಅಂಕಿ ಕೊಡುತ್ತದೆ, ಗೆರೆ ಎಲ್ಲಿ ಎಳೆದರೂ ಅದನ್ನು ಹಿಡಿಯಲು ಹೊರಟರೆ ಒಳ್ಳೆಯವೂ ಅದರ ಜೊತೆಗೇ ಬರುತ್ತವೆ. ಕಣ್ಣಿಗೆ ಕಾಣುವ ಬೂಷ್ಟು ಬೇರೆ, ಕೆಲವು ಜಾತಿಯ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಬೇರೆ ಎಂಬುದನ್ನೂ ಅವಳ ವರದಿಗೆ ಸೇರಿಸಿದೆವು. ವಿಷವನ್ನು ಅಳೆಯುವುದು ಪ್ರಯೋಗಾಲಯದ ಕೆಲಸ, ಈ ಮ್ಯಾಟ್ರಿಕ್ಸಿನ ಯಾವ ಮನೆಯಲ್ಲೂ ಅದು ಇಲ್ಲ.

ಈಗ ಅವಳು ಬೂಷ್ಟು ಕಾಯಿಗಳನ್ನು ಹೊರಗೆ ಕಾಣುವವು, ಒಳಗೆ ಮಾತ್ರ ಇರುವವು ಎಂದು ಎರಡು ಮಾಡಿ, ಎರಡಕ್ಕೂ ಬೇರೆ ಬೇರೆ ಸೆನ್ಸಿಟಿವಿಟಿ ಬರೆಯುತ್ತಿದ್ದಾಳೆ. ಕಳಿಸುವ ಫೋಟೊದಲ್ಲಿ ಅಡ್ಡ ಸಾಲಿಗೆ "ಮುರಿದು ನೋಡಿದ್ದು", ಉದ್ದ ಸಾಲಿಗೆ "ಮಾಡೆಲ್ ಹೇಳಿದ್ದು" ಎಂದು ಕನ್ನಡದಲ್ಲೇ ಬರೆದಿರುತ್ತದೆ, 0 ಮತ್ತು 1ರ ಜಾಗದಲ್ಲಿ "ಬೂಷ್ಟು" ಮತ್ತು "ಒಳ್ಳೆ" ಎಂದಿರುತ್ತದೆ, ಅಂಕಿ ಪೂರ್ತಿ ಇರುತ್ತದೆ. ರಜೆಯಲ್ಲಿ ತಾಯಿಯ ಪಕ್ಕ ಕೂತು, ಆರಿಸುವ ಮೊದಲು ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಕಾಯಿ ತೆಗೆದು ಮುರಿದು, ನೂರಕ್ಕೆ ಎಷ್ಟು ಬೂಷ್ಟು ಎಂದು ಎಣಿಸುತ್ತಿದ್ದಾಳೆ. ನೂರಕ್ಕೆ ಐದು ಎಂಬುದು ಇದುವರೆಗೆ ಅಂದಾಜು ಮಾತ್ರ. ಆ ಎಣಿಕೆ ಮುಗಿಯುವ ತನಕ ವರದಿಯಲ್ಲಿ ಪ್ರಿಡಿಕ್ಟಿವ್ ವ್ಯಾಲ್ಯೂವಿನ ಜಾಗ ಖಾಲಿ ಬಿಡುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.